ಫಿಲೆ ಕ್ರೋಶೆ: ಚೌಕಗಳ ಚಾರ್ಟೋ, ಸಾಲುಸಾಲಾಗಿ ಬರೆದ ವಿವರಣೆಯೋ?

ಫಿಲೆ ಕ್ರೋಶೆಯೆಂದರೆ ಖಾಲಿ ಮತ್ತು ತುಂಬಿದ ಚೌಕಗಳಿಂದ ಚಿತ್ರ ಮೂಡಿಸುವ ಕ್ರೋಶೆ ಹೆಣಿಗೆ. ಮೇಜಿನ ಹಾಸಿಗೆಂದು ನಾನು ದುಡ್ಡು ಕೊಟ್ಟು ತಂದ ಫಿಲೆ ಕ್ರೋಶೆ ಮಾದರಿಯಲ್ಲಿ ಚಿತ್ರವೆಂದರೆ ಮುಗಿದ ಹಾಸಿನ ಒಂದು ಫೋಟೋ ಮಾತ್ರ; ಉಳಿದುದೆಲ್ಲ ಸಾಲುಸಾಲಾಗಿ ಬರೆದ ವಿವರಣೆ. ಅದನ್ನು ನಂಬಿ ಹೆಣೆಯತೊಡಗಿದಾಗ ಸಾಲಿನ ಕೊನೆ ಎಂದೂ ಸರಿಯಾಗಿ ಕೂಡಿಬರಲಿಲ್ಲ. ಕಡೆಗೆ ಆ ಬರಹವನ್ನೇ ನೋಡಿಕೊಂಡು ಗ್ರಾಫ್ ಹಾಳೆಯ ಮೇಲೆ ಚಾರ್ಟ್ ಬರೆದೆ, ಅದರಿಂದ ಹೆಣೆದೆ. ಅದೇ ಚಾರ್ಟನ್ನು ಫೋನಿನ ಪರದೆಯ ಮೇಲಿಟ್ಟುಕೊಂಡೂ ಪ್ರಯತ್ನಿಸಿದೆ. ಈ ಮೂರರಲ್ಲಿ ನನ್ನ ಒಲವು ಕಾಗದದ ಚಾರ್ಟಿನ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಮಾತ್ರ ವಿವರವಾಗಿ ಹೇಳಬೇಕಾಗಿದೆ.

ಚಾರ್ಟಿನಲ್ಲಿ ಇರುವುದು ಎರಡೇ ಬಗೆಯ ಮನೆಗಳು. ಖಾಲಿ ಮನೆಯೆಂದರೆ ಎರಡು ಚೈನ್ ಹಾಕಿ, ಕೆಳಗಿನ ಎರಡು ಹೊಲಿಗೆ ಬಿಟ್ಟು, ಮೂರನೆಯದರ ಮೇಲೆ ಒಂದು ಡಬಲ್ ಕ್ರೋಶೆ. ತುಂಬಿದ ಮನೆಯೆಂದರೆ ಆ ಎರಡು ಚೈನ್‌ಗಳ ಜಾಗದಲ್ಲಿಯೂ ಡಬಲ್ ಕ್ರೋಶೆಯೇ. ಡಬಲ್ ಕ್ರೋಶೆಯನ್ನು ಇಲ್ಲಿ ಕಂಬವೆಂದು ಕರೆದುಕೊಂಡರೆ ಮಾತು ಸಲೀಸಾಗುತ್ತದೆ. ಒಂದು ಮನೆಯ ಕೊನೆಯ ಕಂಬವೇ ಪಕ್ಕದ ಮನೆಯ ಮೊದಲ ಕಂಬ. ಎರಡು ಮನೆಗಳ ನಡುವೆ ಒಂದೇ ಕಂಬವಿರುತ್ತದೆ. ಹಾಗಾಗಿ ಪ್ರತಿ ಮನೆಗೂ ಮೂರು ಹೊಲಿಗೆ, ಇಡೀ ಸಾಲಿಗೆ ಮೇಲೊಂದು. 12 ಮನೆಗಳ ಸಾಲಿನಲ್ಲಿ 37 ಹೊಲಿಗೆಗಳಿರುವುದು ಈ ಲೆಕ್ಕದಿಂದಲೇ.

ಬರೆದ ವಿವರಣೆ ಎಡವುವುದು ಸರಿಯಾಗಿ ಈ ಹಂಚಿಕೊಂಡ ಕಂಬದ ಹತ್ತಿರ. ನನ್ನ ಮಾದರಿಯ ಏಳನೆಯ ಸಾಲನ್ನೇ ನೋಡೋಣ. ಚಾರ್ಟಿನಲ್ಲಿ ಅದು ಬಲದಿಂದ ಎಡಕ್ಕೆ ಎರಡು ಖಾಲಿ, ಮೂರು ತುಂಬಿದ, ಒಂದು ಖಾಲಿ, ಎರಡು ತುಂಬಿದ, ನಾಲ್ಕು ಖಾಲಿ, ಒಟ್ಟು 12 ಮನೆ. ಬರಹದಲ್ಲಿ ಅದೇ ಜಾಗದಲ್ಲಿ ‘2 ಖಾಲಿ, 10 ಕಂಬ, 1 ಖಾಲಿ, 7 ಕಂಬ, 4 ಖಾಲಿ’ ಎಂಬ ಅರ್ಥದ ಸಾಲಿದೆ. ಮೂರು ತುಂಬಿದ ಮನೆಗಳು ಪಕ್ಕಪಕ್ಕ ಬಂದಾಗ ಕಣ್ಣಿಗೆ ಕಾಣುವ ಕಂಬಗಳು ಹತ್ತೇ ನಿಜ. ಆದರೆ ಅವುಗಳಲ್ಲಿ ಮೊದಲನೆಯದು ಎರಡನೆಯ ಖಾಲಿ ಮನೆಯನ್ನು ಮುಚ್ಚುವಾಗಲೇ ಹೆಣೆದಾಗಿರುತ್ತದೆ. ಹೊಸದಾಗಿ ಹೆಣೆಯಬೇಕಾದವು ಒಂಬತ್ತು. ಈ ಹತ್ತರಲ್ಲಿ ಹಿಂದಿನ ಮನೆಯ ಕಂಬ ಸೇರಿದೆಯೋ ಇಲ್ಲವೋ ಎಂಬುದನ್ನು ಮಾದರಿ ಬರೆದವರು ಎಲ್ಲಿಯೂ ತಿಳಿಸಿರಲಿಲ್ಲ. ಕೆಲವರು ಸೇರಿಸಿ ಬರೆಯುತ್ತಾರೆ, ಇನ್ನು ಕೆಲವರು ಇದೇ ಜಾಗಕ್ಕೆ ಒಂಬತ್ತು ಎಂದೇ ಬರೆಯುತ್ತಾರೆ. ಎರಡೂ ಪದ್ಧತಿ ಚಾಲ್ತಿಯಲ್ಲಿವೆ.

ಹತ್ತೂ ಹೊಸ ಕಂಬಗಳೆಂದು ತಿಳಿದು ಹೆಣೆದರೆ ಆಗುವುದಿಷ್ಟು. ಹತ್ತನೆಯ ಕಂಬ ಮುಂದಿನ ಖಾಲಿ ಮನೆಯೊಳಕ್ಕೆ ಒಂದು ಹೊಲಿಗೆಯಷ್ಟು ನುಗ್ಗುತ್ತದೆ, ಅಲ್ಲಿಂದ ಮುಂದಿನ ಪ್ರತಿ ಕಂಬವೂ ಒಂದು ಹೊಲಿಗೆ ಎಡಕ್ಕೆ ಸರಿಯುತ್ತದೆ. ಏಳು ಕಂಬಗಳ ಜಾಗದಲ್ಲಿ ಇನ್ನೊಂದು ಹೊಲಿಗೆ ಸರಿಯುತ್ತದೆ. ಕೊನೆಯ ಖಾಲಿ ಮನೆಗೆ ಬಂದಾಗ ಮೂರು ಹೊಲಿಗೆ ಉಳಿದಿರಬೇಕಾದ ಕಡೆ ಒಂದೇ ಉಳಿದಿರುತ್ತದೆ. ಸಾಲಿನಲ್ಲಿ ತುಂಬಿದ ಗುಂಪುಗಳು ಎಷ್ಟಿವೆಯೋ ಅಷ್ಟು ಹೊಲಿಗೆಗಳ ಕೊರತೆ ಬೀಳುವುದೇ ಈ ತೊಂದರೆಯ ಗುರುತು. ಬೇರೆ ಕಾರಣದಿಂದ ಲೆಕ್ಕ ತಪ್ಪಿದ್ದರೆ ಕೊರತೆ ಇಷ್ಟು ಕ್ರಮವಾಗಿ ಗುಂಪುಗಳ ಸಂಖ್ಯೆಗೆ ಹೊಂದುವುದಿಲ್ಲ.

ಇದು ಕೂಡಲೇ ಕಣ್ಣಿಗೆ ಬೀಳುವುದೇ ಎಂದರೆ, ಕೆಳಗಿನ ಸಾಲಿನಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಕೆಳಗೆ ಖಾಲಿ ಮನೆಯಿದ್ದರೆ ಸರಿದ ಕಂಬ ಕಂಬದ ತಲೆಯ ಮೇಲೆ ಕೂರದೆ ಚೈನ್ ಮೇಲೆ ಜೋಲಾಡುತ್ತದೆ, ತಕ್ಷಣ ಗೊತ್ತಾಗುತ್ತದೆ. ಕೆಳಗೆ ತುಂಬಿದ ಮನೆಗಳ ಸಾಲಿದ್ದರೆ ಎಲ್ಲವೂ ಕಂಬಗಳೇ ಆಗಿರುವುದರಿಂದ ಯಾವುದರ ಮೇಲೆ ಕೂತರೂ ಒಂದೇ ರೀತಿ ಕಾಣುತ್ತದೆ. ಸಾಲು ಮುಗಿಯುವವರೆಗೆ ಸುಳಿವೇ ಸಿಗುವುದಿಲ್ಲ. ನನ್ನ ಹಾಸಿನ ನಡುಭಾಗವೆಲ್ಲ ದಟ್ಟವಾದ ಹೂವು. ಹಾಗಾಗಿ ಪ್ರತಿ ಸಲವೂ ತುದಿಯವರೆಗೆ ಹೋಗಿ, ಅಲ್ಲಿ ಲೆಕ್ಕ ಕೂಡದೆ, ಪೂರ್ತಿ ಸಾಲು ಬಿಚ್ಚಬೇಕಾಗುತ್ತಿತ್ತು. ಸಣ್ಣ ನೂಲನ್ನು ಮತ್ತೆ ಮತ್ತೆ ಬಿಚ್ಚಿದರೆ ಅದರ ಹುರಿ ಸಡಿಲವಾಗಿ ಎಳೆಗಳು ಬಿಡಿಬಿಡಿಯಾಗುತ್ತವೆ ಎಂಬುದು ಹೆಣೆಯುವವರಿಗೆಲ್ಲ ಗೊತ್ತು.

ಚಾರ್ಟಿನಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ಅಲ್ಲಿ ಎಣಿಸಬೇಕಾದುದು ಕಂಬಗಳನ್ನಲ್ಲ, ಮನೆಗಳನ್ನು. ಮನೆಯ ಆರಂಭದ ಕಂಬ ಈಗಾಗಲೇ ನಿಂತಿದೆ. ನಾನು ಒಳಗಿನ ಎರಡು ಹೊಲಿಗೆ ಮತ್ತು ಮುಚ್ಚುವ ಕಂಬವನ್ನು ಮಾತ್ರ ಹಾಕಬೇಕು. ಇದೊಂದು ನಿಯಮ ಪ್ರತಿ ಮನೆಗೂ ಒಂದೇ ರೀತಿ ಅನ್ವಯಿಸುತ್ತದೆ. ‘ಎರಡು ಒಳಗೆ, ಒಂದು ಮುಚ್ಚಿಗೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮೂರು ಸಲ ಮಾಡಿದರೆ ಮೂರು ತುಂಬಿದ ಮನೆಗಳು ತಾವಾಗಿಯೇ ಆಗುತ್ತವೆ, ಹತ್ತೋ ಒಂಬತ್ತೋ ಎಂಬ ಪ್ರಶ್ನೆ ಬರುವುದಿಲ್ಲ. ಮುಚ್ಚುವ ಕಂಬ ಪ್ರತಿ ಸಲವೂ ಕೆಳಗಿನ ಸಾಲಿನ ಮುಚ್ಚುವ ಕಂಬದ ನೇರಕ್ಕೆ ಬಂದಿದೆಯೇ ಎಂದು ನೋಡಿಕೊಂಡರೆ ತಪ್ಪು ಒಂದು ಮನೆಯನ್ನು ದಾಟಿ ಮುಂದೆ ಹೋಗುವುದಿಲ್ಲ.

ಅಮೆರಿಕದ ಡಬಲ್ ಕ್ರೋಶೆಯನ್ನು ಬ್ರಿಟಿಷ್ ಮಾದರಿಗಳಲ್ಲಿ ಟ್ರೆಬಲ್ ಎನ್ನುತ್ತಾರೆ. ಬರಹವನ್ನು ನೆಚ್ಚುವವರಿಗೆ ಇದೂ ಒಂದು ತೊಡಕು, ಚಾರ್ಟಿನಲ್ಲಿ ಹೆಸರುಗಳೇ ಇಲ್ಲ.

ಬರೆದ ವಿವರಣೆ ನಿಜವಾಗಿ ಮೇಲುಗೈ ಪಡೆಯುವುದು ಸಾಲಿನ ಎರಡು ತುದಿಗಳಲ್ಲಿ. ಮೊದಲಿಗೆ ಎಷ್ಟು ಚೈನ್ ಹಾಕಬೇಕು, ತಿರುಗುವಾಗ ಎಷ್ಟು ಎಂಬುದನ್ನು ಅದು ಬಾಯಿ ಬಿಟ್ಟು ಹೇಳುತ್ತದೆ, ಚಾರ್ಟ್ ಹೇಳುವುದಿಲ್ಲ. ಚಾರ್ಟ್ ಬಳಸುವವರು ಇದನ್ನು ತಾವೇ ಲೆಕ್ಕ ಹಾಕಬೇಕು. ಮೊದಲ ಸಾಲು ಖಾಲಿ ಮನೆಯಿಂದ ಶುರುವಾದರೆ ಮನೆಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಐದು ಸೇರಿಸಬೇಕು. 12 ಮನೆಗೆ 41 ಚೈನ್ ಹಾಕಿ, ಕಡ್ಡಿಯಿಂದ ಎಂಟನೆಯ ಚೈನ್‌ನಲ್ಲಿ ಮೊದಲ ಕಂಬ. ತುಂಬಿದ ಮನೆಯಿಂದ ಶುರುವಾದರೆ ಮೂರು ಸೇರಿಸಿದರೆ ಸಾಕು. 39 ಚೈನ್, ನಾಲ್ಕನೆಯದರಲ್ಲಿ ಕಂಬ. ಮುಂದಿನ ಸಾಲುಗಳಲ್ಲಿ ತಿರುಗುವಾಗ ಮೊದಲ ಮನೆ ಖಾಲಿಯಿದ್ದರೆ ಐದು ಚೈನ್, ತುಂಬಿದ್ದರೆ ಮೂರು; ಆ ಮೂರು ಚೈನ್‌ಗಳೇ ಮೊದಲ ಕಂಬದ ಸ್ಥಾನದಲ್ಲಿ ನಿಲ್ಲುತ್ತವೆ. ಸಾಲಿನ ಕೊನೆಯ ಕಂಬವನ್ನು ಹಿಂದಿನ ಸಾಲಿನ ಆ ಮೂರನೆಯ ಚೈನ್‌ನ ತಲೆಗೇ ಹಾಕಬೇಕು; ಅದನ್ನು ಬಿಟ್ಟರೆ ಅಂಚು ಒಳಕ್ಕೆ ಸರಿಯುತ್ತಾ ಹೋಗುತ್ತದೆ.

ಚಾರ್ಟಿನ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ದೂರು ದಿಕ್ಕಿನದು. ಬಲಗೈಯವರು ಕೆಳಗಿನಿಂದ ಮೇಲಕ್ಕೆ ಓದುತ್ತಾ ಬೆಸ ಸಾಲುಗಳನ್ನು ಬಲದಿಂದ ಎಡಕ್ಕೂ ಸಮ ಸಾಲುಗಳನ್ನು ಎಡದಿಂದ ಬಲಕ್ಕೂ ನೋಡಬೇಕು. ಎಡಗೈಯವರಿಗೆ ಇದು ತಿರುವುಮುರುವು. ಎರಡೂ ಕಡೆ ಒಂದೇ ತೆರನಾದ ಚಿತ್ರದಲ್ಲಿ ದಿಕ್ಕು ತಪ್ಪಿದರೂ ಏನೂ ಆಗುವುದಿಲ್ಲ. ಅಕ್ಷರಗಳು ಅಥವಾ ಒಂದು ಕಡೆಗೆ ಮುಖ ಮಾಡಿದ ಹಕ್ಕಿ ಇದ್ದಾಗ ಎಲ್ಲ ಸಾಲುಗಳನ್ನೂ ಬಲದಿಂದಲೇ ಓದಿದರೆ ಒಂದು ಬಿಟ್ಟು ಒಂದು ಸಾಲು ತಿರುಗಿ ಕೂತು ಚಿತ್ರ ಹರಿದುಹೋಗುತ್ತದೆ. ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಬಂದರೆ ಮಾತ್ರ ಚಿಂತೆಯಿಲ್ಲ, ಏಕೆಂದರೆ ಫಿಲೆ ಹೆಣಿಗೆ ಎರಡು ಮಗ್ಗುಲಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಮಗುಚಿ ಹಾಕಿದರೆ ಸರಿಹೋಗುತ್ತದೆ.

ಇದಕ್ಕೆ ನಾನು ಕಂಡುಕೊಂಡ ವ್ಯವಸ್ಥೆ, ಕೆಲಸಕ್ಕೆ ಕೂರುವ ಮೊದಲೇ ಪ್ರತಿ ಸಾಲು ಶುರುವಾಗುವ ಬದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಬಾಣ ಮತ್ತು ಮನೆಗಳ ಎಣಿಕೆಯನ್ನು ಹೆಣೆಯುವ ಕ್ರಮದಲ್ಲೇ ಬರೆದುಕೊಳ್ಳುವುದು. ಮೇಲಿನ ಏಳನೆಯ ಸಾಲಿನ ಬಲ ಅಂಚಿನಲ್ಲಿ 2, 3, 1, 2, 4 ಎಂದಿರುತ್ತದೆ, ತುಂಬಿದವುಗಳ ಸುತ್ತ ಒಂದು ಸುತ್ತು. ಅದೇ ಸಾಲು ಸಮ ಸಂಖ್ಯೆಯದಾಗಿದ್ದರೆ ಎಡ ಅಂಚಿನಲ್ಲಿ 4, 2, 1, 3, 2 ಎಂದು ಬರೆಯುತ್ತಿದ್ದೆ. ಅಂಕಿಗಳನ್ನು ಕೂಡಿದರೆ ಪ್ರತಿ ಸಾಲಿಗೂ 12 ಬರಲೇಬೇಕು. ಬಾರದಿದ್ದರೆ ಕಡ್ಡಿ ಹಿಡಿಯುವ ಮೊದಲೇ ತಪ್ಪು ಸಿಕ್ಕಿಬಿಡುತ್ತದೆ. ಬರೆದ ವಿವರಣೆಯ ಒಳ್ಳೆಯ ಗುಣ ಇದರಿಂದ ಚಾರ್ಟಿಗೂ ಬಂದಂತಾಯಿತು.

ಸಾಲಿನ ಗುರುತಿಗೆ ಇಡುವ ಪಟ್ಟಿಯ ಬಗ್ಗೆ ಒಂದು ಮಾತು. ಅದನ್ನು ಹೆಣೆಯುತ್ತಿರುವ ಸಾಲಿನ ಕೆಳಗಿಡುವುದು ರೂಢಿ, ಆದರೆ ಮೇಲಿಡುವುದು ಉತ್ತಮ. ಮುಂದಿನ ಸಾಲುಗಳು ಮುಚ್ಚಿಹೋಗಿ ಮುಗಿದ ಸಾಲುಗಳು ಕಾಣುತ್ತಿದ್ದರೆ, ಕೈಯಲ್ಲಿರುವ ಹೆಣಿಗೆಯನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟು, ಈ ತುಂಬಿದ ಮನೆ ಕೆಳಗಿನ ಯಾವ ಮನೆಯ ಮೇಲೆ ಕೂರಬೇಕು ಎಂಬುದನ್ನು ನೋಡಬಹುದು.

ಫೋನಿನಲ್ಲಿ ಚಾರ್ಟ್ ಓದುವುದು ನನಗೆ ಒಗ್ಗಲಿಲ್ಲ. ದೊಡ್ಡದು ಮಾಡಿದರೆ ಸಾಲಿನ ಅರ್ಧವೇ ಕಾಣುತ್ತದೆ, ಚಿಕ್ಕದು ಮಾಡಿದರೆ ಮನೆಗಳು ಬೆರೆತುಹೋಗುತ್ತವೆ, ಅಷ್ಟರಲ್ಲಿ ಪರದೆ ಆರುತ್ತದೆ.

ಮನೆಗಳು ಚೌಕವಾಗಿ ಬಾರದೆ ಅಗಲವಾಗಿ, ಗಿಡ್ಡವಾಗಿ ಬಂದು ಹೂವು ಚಪ್ಪಟೆಯಾಗುವ ತೊಂದರೆ ಎರಡೂ ವಿಧಾನಗಳಿಗೆ ಇದ್ದದ್ದೇ. ಹತ್ತು ಮನೆ ಅಗಲ, ಹತ್ತು ಸಾಲು ಎತ್ತರದ ತುಣುಕೊಂದನ್ನು ಮೊದಲು ಹೆಣೆದು ಅಳೆದು ನೋಡಬೇಕು. ವ್ಯತ್ಯಾಸವಿರುವುದು ಪರಿಹಾರದಲ್ಲಿ. ಕಂಬದ ಬದಲು ನೂಲನ್ನು ಎರಡು ಸಲ ಸುತ್ತಿ ತೆಗೆಯುವ ಎತ್ತರದ ಕಂಬ ಬಳಸಿ, ತಿರುಗುವ ಚೈನ್‌ಗೆ ಒಂದನ್ನು ಸೇರಿಸಿದರೆ ಅದೇ ಚಾರ್ಟ್ ಒಂದು ಗೆರೆಯೂ ಬದಲಾಗದೆ ನಡೆಯುತ್ತದೆ. ಬರಹದಲ್ಲಾದರೆ ಹೊಲಿಗೆಯ ಹೆಸರನ್ನೂ ತಿರುಗುವ ಚೈನ್‌ಗಳ ಸಂಖ್ಯೆಯನ್ನೂ ಪ್ರತಿ ಸಾಲಿನಲ್ಲೂ ನೆನಪಿಟ್ಟು ತಿದ್ದಿಕೊಂಡು ಓದಬೇಕು.

ನಾನು ಬಿಡುವಾದಾಗ ಸ್ವಲ್ಪ ಸ್ವಲ್ಪವಾಗಿ ಹೆಣೆಯುವವಳು, ಸಾಲಿನ ನಡುವೆಯೇ ಎದ್ದು ಹೋಗಬೇಕಾಗುವವಳು. ಮರಳಿ ಬಂದಾಗ ಬರಹದಲ್ಲಿ ಎಲ್ಲಿದ್ದೆನೆಂದು ಹುಡುಕುವುದು ಕಷ್ಟ, ಚಾರ್ಟಿನಲ್ಲಿ ಹೆಣಿಗೆಯ ಆಕಾರವೇ ಜಾಗ ತೋರಿಸುತ್ತದೆ. ಖರ್ಚೂ ಗ್ರಾಫ್ ಹಾಳೆ, ಪೆನ್ಸಿಲಿನಷ್ಟೇ. ಒಂದೇ ಪಟ್ಟಿನಲ್ಲಿ ಕೂತು ಸಾಲು ಮುಗಿಸುವವರಿಗೆ, ಎಣಿಕೆಯ ಪದ್ಧತಿಯನ್ನು ಮೊದಲ ಪುಟದಲ್ಲೇ ತಿಳಿಸಿದ ಮಾದರಿ ಸಿಕ್ಕರೆ, ಬರಹವೂ ಹಿತವೆನಿಸಬಹುದು. ಅಂಚು ಮೆಟ್ಟಿಲಿನಂತೆ ಹೊರಕ್ಕೆ ಬೆಳೆಯುವ ಮಾದರಿಗಳನ್ನು ಮಾತ್ರ ನಾನೂ ಚಾರ್ಟ್ ಮತ್ತು ಬರಹ ಎರಡೂ ಇದ್ದರಷ್ಟೇ ಕೊಳ್ಳುತ್ತೇನೆ. ಸಾಲಿನ ಆರಂಭದಲ್ಲಿ ಒಂದು ಖಾಲಿ ಮನೆ ಹೆಚ್ಚಿಸಲು ಏಳು ಚೈನ್ ಹಾಕಿ ಹಿಂದಿನ ಸಾಲಿನ ಕೊನೆಯ ಕಂಬದ ಮೇಲೆ ಕಂಬ ಹಾಕುವುದು ಸುಲಭ. ಸಾಲಿನ ಕೊನೆಯಲ್ಲಿ ಹೆಚ್ಚಿಸಲು ಎರಡು ಚೈನ್ ಹಾಕಿ ಕೊನೆಯ ಕಂಬದ ಬುಡಕ್ಕೇ ಇನ್ನೊಂದು ಉದ್ದನೆಯ ಕಂಬ ಇಳಿಸಬೇಕಾಗುತ್ತದೆ, ಅದಕ್ಕೆ ನೂಲು ಎಷ್ಟು ಸಲ ಸುತ್ತಬೇಕೆಂಬುದು ಚಾರ್ಟಿನ ಆ ಒಂದು ಮನೆಯಲ್ಲಿ ಬರೆದಿರುವುದಿಲ್ಲ.