ಕಾಫಿ ಕ್ಯೂರಿಂಗ್ ಸಾಲಕ್ಕೆ ‘ಬಡ್ಡಿ ಸ್ವಾಪ್’ ಮಾಡಿಸಿಕೊಳ್ಳುವವರು ಇದನ್ನು ಓದಿ

ಕುಶಾಲನಗರದ ಸುತ್ತ ಕ್ಯೂರಿಂಗ್ ಘಟಕ ನಡೆಸುವವರ ಬಳಿಗೆ ಈಗಲೂ ಇದೇ ಮಾತು ಬರುತ್ತಿದೆಯೆಂದು ಕೇಳಿ ಇದನ್ನು ಬರೆಯುತ್ತಿದ್ದೇನೆ: ‘ಸ್ವಾಪ್ ಮಾಡಿಸಿಕೊಳ್ಳಿ, ಅಂದರೆ ಬದಲಾಗುವ ಬಡ್ಡಿಯನ್ನು ಸ್ಥಿರ ಬಡ್ಡಿಗೆ ಅದಲು ಬದಲು ಮಾಡಿಕೊಳ್ಳಿ, ನಿಮ್ಮ ಬಡ್ಡಿ ಖಚಿತವಾಗುತ್ತದೆ.’ ಖಚಿತವಾಗುವುದಿಲ್ಲ. ನನಗಾಗಿಲ್ಲ.

2023ರ ಮಧ್ಯದಲ್ಲಿ ಹೊಸ ಯಂತ್ರಗಳಿಗಾಗಿ ನಮಗೆ 2 ಕೋಟಿ ರೂಪಾಯಿ ಬೇಕಿತ್ತು. ಐದು ವರ್ಷ ಬಡ್ಡಿ ಕಟ್ಟಿ, ಅಸಲನ್ನು ಕೊನೆಗೆ ತೀರಿಸುವ ಸಾಲ. ಆಗ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ, ಅಂದರೆ ರೆಪೋ ದರ, ಶೇ 6.5. ನಮಗೆ ಸ್ಥಿರ ಬಡ್ಡಿಯಾದರೆ ಶೇ 11, ಬದಲಾಗುವ ಬಡ್ಡಿಯಾದರೆ ರೆಪೋ ಮೇಲೆ 3.5. ಬ್ಯಾಂಕಿನ ಅಧಿಕಾರಿ ಒಂದು ಹಾಳೆ ತೆಗೆದು, ಹೆಸರು ಹೇಳದ ಒಂದು ದೊಡ್ಡ ತೋಟದ ಕಂಪನಿಯ ದರಗಳನ್ನು ನಮ್ಮದರ ಪಕ್ಕದಲ್ಲಿ ಬರೆದರು. ಅವರಿಗೆ ಸ್ಥಿರ ಬಡ್ಡಿ ಶೇ 8, ಬದಲಾಗುವುದಾದರೆ ರೆಪೋ ಮೇಲೆ 2. ಸಾಲದ ಯೋಗ್ಯತೆಯಲ್ಲಿ ಅವರು ನಮಗಿಂತ ಎಷ್ಟೋ ಮೇಲೆ, ಅದರಲ್ಲಿ ತಕರಾರಿಲ್ಲ. ಆದರೆ ಸ್ಥಿರ ಬಡ್ಡಿಯಲ್ಲಿ ಅವರಿಗೂ ನಮಗೂ ಇರುವ ಅಂತರ 3, ಬದಲಾಗುವುದರಲ್ಲಿ ಬರೀ 1.5. ಈ ಎರಡು ಅಂತರಗಳ ನಡುವಿನ 1.5ನ್ನು ಹಂಚಿಕೊಳ್ಳುವುದೇ ವ್ಯವಹಾರ ಎಂದರು.

ಕ್ರಮ ಹೀಗೆ. ಅವರು ಸ್ಥಿರ ಬಡ್ಡಿಗೆ ಸಾಲ ತೆಗೆಯುತ್ತಾರೆ, ನಾವು ಬದಲಾಗುವ ಬಡ್ಡಿಗೆ. ಅಸಲು ಕೈ ಬದಲಾಗುವುದಿಲ್ಲ. 2 ಕೋಟಿ ಲೆಕ್ಕಕ್ಕೆ ಮಾತ್ರ. ಬ್ಯಾಂಕು ನಡುವೆ ನಿಂತು ಇಬ್ಬರೊಡನೆಯೂ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುತ್ತದೆ. ನಾವು ಶೇ 6.8 ಸ್ಥಿರವಾಗಿ ಕೊಟ್ಟು ರೆಪೋ ದರವನ್ನು ಪಡೆಯುತ್ತೇವೆ, ಕಂಪನಿ ರೆಪೋ ಕೊಟ್ಟು 6.5 ಪಡೆಯುತ್ತದೆ, ಉಳಿದ 0.3 ಬ್ಯಾಂಕಿನದು. ನಾವು ಸಾಲಕ್ಕೆ ಕಟ್ಟುವ ರೆಪೋ, ಸ್ವಾಪ್‌ನಲ್ಲಿ ಬರುವ ರೆಪೋಗೆ ವಜಾ ಆಗಿ, ನಮ್ಮ ಪಾಲಿಗೆ 3.5 ಮತ್ತು 6.8 ಸೇರಿ 10.3 ಉಳಿಯುತ್ತದೆ. ಅಂದರೆ 11ಕ್ಕಿಂತ 0.7 ಕಡಿಮೆ, ವರ್ಷಕ್ಕೆ 1.4 ಲಕ್ಷ ರೂಪಾಯಿ ಉಳಿತಾಯ. ಹಾಳೆಯ ಕೆಳಗೆ ‘10.3’ ಎಂದು ಬರೆದು ಅಧಿಕಾರಿ ಪೆನ್ನಿನಿಂದ ಎರಡು ಸಲ ಸುತ್ತು ಹಾಕಿದ್ದರು. ಆ ಹಾಳೆ ಈಗಲೂ ನನ್ನ ಬಳಿ ಇದೆ.

ಎರಡು ವರ್ಷ ಎಲ್ಲವೂ ಹೇಳಿದಂತೆಯೇ ನಡೆಯಿತು. ರೆಪೋ 6.5 ಇದ್ದಷ್ಟು ಕಾಲ ವ್ಯತ್ಯಾಸದ 0.3 ಮಾತ್ರ, ಮೂರು ತಿಂಗಳಿಗೆ 15,000 ರೂಪಾಯಿ, ನಮ್ಮ ಖಾತೆಯಿಂದ ಹೋಗುತ್ತಿತ್ತು. 2025ರ ಜೂನ್‌ನಲ್ಲಿ ರೆಪೋ 5.5ಕ್ಕೆ ಇಳಿದಾಗ ಅದು 65,000 ಆಯಿತು. ಇದರಲ್ಲಿ ಮೋಸವಿಲ್ಲ, ಸಾಲದ ಬಡ್ಡಿಯೂ ಅಷ್ಟೇ ಇಳಿದಿತ್ತು.

ಮೋಸ ಬೇರೆ ಕಡೆಯಿಂದ ಬಂತು. ಖರೀದಿದಾರರಿಂದ ಹಣ ತಡವಾಗಿ, ನಮ್ಮ ಖಾತೆ ಬಿಗಿಯಾದ ಮೇಲೆ, ಅದೇ ಬ್ಯಾಂಕು ನಮ್ಮ ಸಾಲದ ಯೋಗ್ಯತೆಯನ್ನು ಮರುಪರಿಶೀಲಿಸಿ, ರೆಪೋ ಮೇಲಿನ 3.5ನ್ನು 4.75 ಮಾಡಿತು. ಈಗ ಲೆಕ್ಕ ಹಾಕಿ: 4.75 ಮತ್ತು 6.8 ಸೇರಿ 11.55. ಅಂದು ಬೇಡವೆಂದು ಬಿಟ್ಟ 11ಕ್ಕಿಂತ ಹೆಚ್ಚು! ಪಾಲುದಾರನಾದ ನನ್ನ ಭಾವ ಈ ಅಂಕಿಯನ್ನು ಎರಡು ಸಲ ಓದಿ ನನ್ನ ಮುಖ ನೋಡಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಅಧಿಕಾರಿಗೆ ಕೇಳಿದೆ: ‘10.3 ಖಚಿತ ಎಂದಿದ್ದಿರಲ್ಲ?’ ಉತ್ತರ: ‘ಸರ್, ಸ್ವಾಪ್‌ನಲ್ಲಿ ಒಂದು ಪೈಸೆಯೂ ಬದಲಾಗಿಲ್ಲ. ಅದು ಸಾಲದ ಒಪ್ಪಂದದ ವಿಷಯ.’ ಆ 3.5 ಸಾಲದ ಒಪ್ಪಂದದ ವಿಷಯವಾಗಿದ್ದರೆ ಅದನ್ನು ಸ್ವಾಪ್ ಹಾಳೆಯಲ್ಲಿ ಕೂಡಿಸಿ ಸುತ್ತು ಹಾಕಿದ್ದೇಕೆ? ಅದಕ್ಕೆ, ‘ಅದು ವಿವರಣೆಗಾಗಿ ಮಾತ್ರ ಸರ್.’

ಸ್ವಾಪ್ ರೆಪೋದ ಏರಿಳಿತವನ್ನು ಮಾತ್ರ ಕಟ್ಟಿಹಾಕುತ್ತದೆ. ಸಾಲಗಾರನ ಯೋಗ್ಯತೆ ಕುಸಿದಾಗ ಏರುವ ಹೆಚ್ಚುವರಿ ಅಂಶವನ್ನಲ್ಲ. ಸಾಲಗಾರನ ಸ್ಥಿತಿಯಲ್ಲಿ ಗಣನೀಯ ಬದಲಾವಣೆಯಾದರೆ ಆ ಅಂಶವನ್ನು ಪರಿಷ್ಕರಿಸಲು ರಿಸರ್ವ್ ಬ್ಯಾಂಕಿನ ನಿಯಮವೇ ಅವಕಾಶ ಕೊಡುತ್ತದೆ. ಐದು ವರ್ಷಕ್ಕೆ ಬದಲಾಗದ ಸ್ಥಿರ ಸಾಲದಲ್ಲಿ ಈ ಅಪಾಯ ಬ್ಯಾಂಕಿನದು, ಅದಕ್ಕೇ ಅವರು ನಮ್ಮಂಥವರಿಗೆ 3 ಹೆಚ್ಚು ಕೇಳುತ್ತಾರೆ. ಬದಲಾಗುವ ಸಾಲದಲ್ಲಿ ಅದು ನಮ್ಮ ಹೆಗಲ ಮೇಲಿರುವುದರಿಂದ 1.5 ಸಾಕು. ‘ಹಂಚಿಕೊಳ್ಳೋಣ’ ಎಂದ ಲಾಭದಲ್ಲಿ ಒಂದು ಭಾಗ ಈ ಅಪಾಯ ಹೊತ್ತದ್ದಕ್ಕೆ ಸಿಕ್ಕ ಕೂಲಿ! ಆ ಕಂಪನಿಯ ಸಾಲ ನಿಜಕ್ಕೂ ಸ್ಥಿರ, ಆದ್ದರಿಂದ ಅವರ 0.5 ಲಾಭ ಹಾಗೆಯೇ ಇದೆ, ಬ್ಯಾಂಕಿನ 0.3 ಹಾಗೆಯೇ ಇದೆ. ಕರಗಿದ್ದು ನಮ್ಮ 0.7 ಒಂದೇ.

ಸ್ವಾಪ್ ಬಿಟ್ಟು ಹೊರಬರುತ್ತೇವೆ ಎಂದರೆ, ಉಳಿದ ಮೂರು ವರ್ಷಕ್ಕೆ ಸ್ವಾಪ್‌ನ ಇಂದಿನ ಸ್ಥಿರ ದರ 5.6, ನಿಮ್ಮದು 6.8, ವರ್ಷಕ್ಕೆ 2.4 ಲಕ್ಷದಂತೆ ಮೂರು ವರ್ಷದ ವ್ಯತ್ಯಾಸವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಸುಮಾರು ಆರೂವರೆ ಲಕ್ಷ ಕಟ್ಟಿ ಎಂದರು. ಕಟ್ಟಿದರೂ 4.75 ಹೋಗುವುದಿಲ್ಲ.

ನಿಮಗೂ ಇಂಥ ಹಾಳೆ ತೋರಿಸಿದರೆ, ರೆಪೋ ಮೇಲಿನ ಅಂಶ ಐದು ವರ್ಷವೂ ಬದಲಾಗುವುದಿಲ್ಲವೆಂದು ಸಾಲದ ಒಪ್ಪಂದದಲ್ಲಿಯೇ ಬರೆದುಕೊಡಲು ಕೇಳಿ. ಬರೆದುಕೊಡದಿದ್ದರೆ, ಆ ಅಂಶಕ್ಕೆ 1.25 ಕೂಡಿಸಿ ಲೆಕ್ಕ ಹಾಕಿ. ಆಮೇಲೂ ಸ್ಥಿರ ಸಾಲಕ್ಕಿಂತ ಕಡಿಮೆ ಬಂದರೆ ಮಾತ್ರ ಸಹಿ ಮಾಡಿ.