ಹೌಸಿ ಆಡಿಸೋಕೆ ಕರೆಸ್ತೀರಾ? ಮೊದಲು 90 ಬರುತ್ತಾ ನೋಡಿ

ಗಣಪತಿ ಹಬ್ಬಕ್ಕೆ ಹೌಸಿ ಇಡೋ ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆಯವರೆಲ್ಲ ಇದನ್ನ ಓದಿ. ಟಿಕೆಟ್ ಪ್ರಿಂಟ್ ಮಾಡಿಕೊಡ್ತೀವಿ, ಲ್ಯಾಪ್‌ಟಾಪ್ ತಂದು ನಂಬರ್ ಕೂಗ್ತೀವಿ ಅಂತ ಬರ್ತಾರಲ್ಲ, ಅಂಥವರೊಬ್ಬರ ಕೈಲಿ ನಮ್ಮ ಬೀದಿಯವರೆಲ್ಲ ಮೋಸ ಹೋದ್ವಿ. ಹೆಸರು ಹಾಕಲ್ಲ. ಆದ್ರೆ ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲೆರಡು ಆಟ ಚೆನ್ನಾಗೇ ಆಯ್ತು. ಟಾಪ್ ಲೈನ್, ಕಾರ್ನರ್, ಫುಲ್ ಹೌಸ್ ಎಲ್ಲ ಯಾರ್‍ಯಾರಿಗೋ ಬಂತು. ಮೂರನೇ ಆಟದಲ್ಲಿ ನಮ್ಮ ದೊಡ್ಡಮ್ಮನಿಗೆ ಒಂದೇ ನಂಬರ್ ಬಾಕಿ. 90. "ಅಲ್ಲ ಮಾರಾಯ್ತಿ, ಆಗಿಂದ ಒಂದ್ಸಲನೂ ತೊಂಬತ್ತು ಕೂಗಿದ್ದು ಕೇಳಲಿಲ್ವಲ್ಲೇ" ಅಂದ್ರು. ಹೌದಲ್ವಾ! 'ಟಾಪ್ ಆಫ್ ದಿ ಹೌಸ್' ಅನ್ನೋ ಕೂಗು ಆ ಸಂಜೆ ಒಮ್ಮೆಯೂ ಬಂದಿರಲಿಲ್ಲ. ಅಷ್ಟರಲ್ಲಿ ಬೇರೆಯವರು ಫುಲ್ ಹೌಸ್ ಅಂದ್ರು, ಆಟ ಮುಗೀತು. ಮುಗಿಯೋದೇ ಹಾಗಲ್ವಾ? ಎಲ್ಲಾ 90 ನಂಬರ್ ಕೂಗೋಕೆ ಮುಂಚೆನೇ ಯಾರೋ ಗೆಲ್ತಾರೆ. ಹಾಗಾಗಿ ಒಂದು ನಂಬರ್ ಇಲ್ಲದಿದ್ರೂ ಯಾರಿಗೂ ಗೊತ್ತಾಗಲ್ಲ.

ನಂಬರ್ ಕೂಗ್ತಿದ್ದ ಲ್ಯಾಪ್‌ಟಾಪ್‌ನವರನ್ನ ಕೇಳಿದ್ರೆ ನಕ್ಕುಬಿಟ್ರು. "ಹೌಸಿ ಅಂದ್ರೇ ಲಕ್ ಮೇಡಂ." ಸರಿ, ಲಕ್ಕೇ ಇರಲಿ, ಕೊನೇವರೆಗೂ ಓಡಿಸಿ ಅಂದೆ. ಟೈಮ್ ಇಲ್ಲ ಅಂದ್ರು. ಬ್ಯಾಟರಿ ಇಲ್ಲ ಅಂದ್ರು. ಪಕ್ಕದಲ್ಲೇ ಪ್ಲಗ್ ಇತ್ತು! ಎಲ್ಲರೂ ಸುತ್ತ ನಿಂತ ಮೇಲೆ ಓಡಿಸಿದರು. ಬೋರ್ಡಿನಲ್ಲಿ ಒಂದೊಂದೇ ನಂಬರ್ ಕೆಂಪಾಗುತ್ತಾ ಹೋಯ್ತು. 89 ಮನೆ ಕೆಂಪು, 90 ಒಂದು ಬಿಳಿ. ಮತ್ತೆ ಒತ್ತಿದ್ರೆ ಸ್ಕ್ರೀನೇ ನಿಂತುಹೋಯ್ತು. "ಹ್ಯಾಂಗ್ ಆಯ್ತು, ನೆಟ್‌ವರ್ಕ್" ಅಂದ್ರು. ನೆಟ್ಟೇ ಬೇಡದ ಆಟ ಅಂತ ಅವರೇ ಬೆಳಗ್ಗೆ ಹೇಳಿದ್ದು.

ಇಂಜಿನಿಯರಿಂಗ್ ಓದ್ತಿರೋ ನನ್ನ ಅಕ್ಕನ ಮಗ ಆ ಪೇಜಿನ ಕೋಡ್ ತೆಗೆದು ತೋರಿಸಿದ.

```
n = Math.floor(Math.random() * 89) + 1;
```

`Math.random()` ಸೊನ್ನೆಯಿಂದ ಒಂದರೊಳಗಿನ ಸಂಖ್ಯೆ ಕೊಡುತ್ತೆ, ಪೂರ್ತಿ ಒಂದು ಯಾವತ್ತೂ ಕೊಡಲ್ಲ. ಅದನ್ನ 89ರಿಂದ ಗುಣಿಸಿ, ದಶಮಾಂಶ ಬಿಟ್ಟರೆ ಸಿಗೋದು 0ಯಿಂದ 88. ಒಂದು ಕೂಡಿಸಿದ್ರೆ 1ರಿಂದ 89. ಅಲ್ಲಿ 90 ಅಂತ ಇರಬೇಕಿತ್ತು, ಅಷ್ಟೇ. ಕೂಗಿದ ನಂಬರ್ ಮತ್ತೆ ಬಂದ್ರೆ ಅದು ಬಿಟ್ಟು ಇನ್ನೊಂದು ಹುಡುಕುತ್ತೆ. 89 ಮುಗಿದ ಮೇಲೆ ಹೊಸದು ಸಿಗೋದೇ ಇಲ್ಲ, ಹುಡುಕ್ತಾನೇ ಇರುತ್ತೆ. ಅದೇ ಅವರ 'ಹ್ಯಾಂಗ್'.

ಒಂದೇ ನಂಬರ್ ತಾನೇ ಅನ್ನಬೇಡಿ. ದೊಡ್ಡಮ್ಮನ ಟಿಕೆಟ್ ನೋಡಿ:

```
 4  .  23  .  41  .  67  .  82
 .  12  .  38  45  59  .  71  .
 7  16  29  .  .  .  .  74  90
```

ಟಿಕೆಟ್ ಸರಿಯಾಗೇ ಇದೆ. ಸಾಲಿಗೆ ಐದು, ಒಟ್ಟು 15. ಮೊದಲ ಕಾಲಂನಲ್ಲಿ 1ರಿಂದ 9, ಎರಡನೇದರಲ್ಲಿ 10ರಿಂದ 19, ಹೀಗೆ ಹೋಗಿ ಕೊನೇದರಲ್ಲಿ 80ರಿಂದ 90. ಯಾವ ಕಾಲಮ್ಮೂ ಖಾಲಿ ಇಲ್ಲ, ಮೇಲಿಂದ ಕೆಳಗೆ ಏರಿಕೆಯಲ್ಲಿದೆ. ಆದ್ರೆ 90 ಎಲ್ಲಿದ್ರೂ ಆ ಸಾಲಿನ ಕೊನೇ ನಂಬರ್. ಇಲ್ಲಿ ಕೆಳಸಾಲಿನಲ್ಲಿದೆ, ಅಂದ್ರೆ ಕಾರ್ನರ್ ಕೂಡ ಅದೇ. ಕಾರ್ನರ್, ಬಾಟಮ್ ಲೈನ್, ಫುಲ್ ಹೌಸ್ ಮೂರೂ ಹೋಯ್ತು. ಆರು ಟಿಕೆಟ್‌ನ ಪೂರ್ತಿ ಹಾಳೆಯಲ್ಲಿ 1ರಿಂದ 90 ಎಲ್ಲಾ ಒಂದೊಂದು ಸಲ ಇರುತ್ತೆ. ಹಾಗಾಗಿ ಪ್ರತಿ ಹಾಳೆಯಲ್ಲೂ ಒಂದು ಟಿಕೆಟ್‌ಗೆ ಫುಲ್ ಹೌಸ್ ಬರೋದೇ ಇಲ್ಲ. ದುಡ್ಡು ಮಾತ್ರ ಆರಕ್ಕೂ ತಗೊಂಡಾಯ್ತು!

ನನಗೆ ತಲೆ ಎತ್ತೋಕಾಗಲಿಲ್ಲ. ಟಿಕೆಟ್ ಮಾರಿದ್ದು ನಮ್ಮ ಸಮಿತಿ, ಜನ ನೋಡಿದ್ದು ನಮ್ಮ ಮುಖ. "ನಿಮ್ಮವರಿಗೇ ಬರೋ ಹಾಗೆ ಸೆಟ್ ಮಾಡಿದ್ರಾ" ಅಂತ ಒಬ್ಬರು ಎದುರಿಗೇ ಅಂದ್ರು. ಲ್ಯಾಪ್‌ಟಾಪ್ ಮುಚ್ಚಿಸಿ, ರಟ್ಟಿನ ಚೂರಿನ ಮೇಲೆ 1ರಿಂದ 90 ಬರೆದು, ಎಲ್ಲರೆದುರು ಎಣಿಸಿ ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿದ್ವಿ. ಮಕ್ಕಳು ಒಬ್ಬೊಬ್ಬರೇ ತೆಗೆದು ಕೂಗಿದರು. ತೆಗೆದ ಚೂರನ್ನ ವಾಪಸ್ ಹಾಕದೆ ಮೇಜಿನ ಮೇಲೆ ಸಾಲಾಗಿ ಇಟ್ವಿ. ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ನೀವು ಯಾರನ್ನಾದ್ರೂ ಕರೆಸೋದಿದ್ರೆ, ಅಡ್ವಾನ್ಸ್ ಕೊಡೋಕೆ ಮುಂಚೆ ಮಷೀನನ್ನ ಕೊನೇ ನಂಬರ್‌ವರೆಗೂ ಓಡಿಸಿ ತೋರಿಸಿ ಅನ್ನಿ. 1 ಮತ್ತು 90 ಬಂತಾ ನೋಡಿ, ತುದಿಯ ನಂಬರೇ ತಪ್ಪಿ ಹೋಗೋದು. ಟೈಮ್ ಇಲ್ಲ ಅಂದ್ರೆ ಕಳಿಸಿಬಿಡಿ.

ಮಾರನೇ ದಿನ ದುಡ್ಡು ವಾಪಸ್ ಕೇಳೋಕೆ ಫೋನ್ ಮಾಡಿದೆ. "ಬೇರೆ ಊರಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ" ಅಂದ್ರು. ಹೇಗೆ ಮಾಡ್ತಾರೆ, ಗೊತ್ತಾದ್ರೆ ತಾನೇ? ಕೋಡ್‌ನಲ್ಲಿ ಒಂದು ಅಂಕಿ ತಿದ್ದಿ ಸ್ವಾಮಿ ಅಂದೆ. ಅದಕ್ಕೆ ಬಂದ ಉತ್ತರ ಇದು: "ಅದೆಲ್ಲ ಮಾಡಿದ ಹುಡುಗ ಬೆಂಗಳೂರಿಗೆ ಹೋದ. ಬೇಕಾದ್ರೆ ಮುಂದಿನ ವರ್ಷ ಟಿಕೆಟ್‌ನಿಂದಲೇ 90 ತೆಗೆದು ಪ್ರಿಂಟ್ ಮಾಡಿಕೊಡ್ತೀನಿ."