ಹಣೆಯಲ್ಲಿ ಜಿಡ್ಡು, ಕೆನ್ನೆಯಲ್ಲಿ ಬಿಗಿತ: ಮೂರು ಕ್ರಮ, ಒಂದೊಂದು ತಿಂಗಳು

ಬೆಳಿಗ್ಗೆ ಏಳಕ್ಕೆ ಮುಖ ತೊಳೆದರೆ ಹತ್ತೂವರೆ ಹೊತ್ತಿಗೆ ಕನ್ನಡಕ ಮೂಗಿನಿಂದ ಜಾರಲು ಶುರು. ಅದೇ ಹೊತ್ತಿನಲ್ಲಿ ನಕ್ಕರೆ ಕೆನ್ನೆ ಎಳೆದ ಹಾಗಾಗುತ್ತದೆ, ಬಾಯಿಯ ಪಕ್ಕ ಬೆರಳಾಡಿಸಿದರೆ ಸಣ್ಣಗೆ ಹೊಟ್ಟು ಏಳುತ್ತದೆ. ಇದು ನನ್ನ ಮುಖ. ಎಣ್ಣೆ ಚರ್ಮದವರಿಗೆ ಅಂತ ಬರೆದದ್ದನ್ನು ಹಚ್ಚಿದರೆ ಕೆನ್ನೆ ಉರಿಯುತ್ತಿತ್ತು, ಒಣ ಚರ್ಮದವರಿಗೆ ಅಂತ ಬರೆದದ್ದನ್ನು ಹಚ್ಚಿದರೆ ಹಣೆ ಪಳಪಳ ಹೊಳೆಯುತ್ತಿತ್ತು.

ಹೀಗಾಗುವುದಕ್ಕೆ ಕಾರಣ ಸರಳ. ಹಣೆ, ಮೂಗು, ಗದ್ದ, ಅಂದರೆ ಟಿ-ಝೋನ್‌ನಲ್ಲಿ ಎಣ್ಣೆ ಗ್ರಂಥಿಗಳು ದಟ್ಟವಾಗಿರುತ್ತವೆ, ಕೆನ್ನೆಯಲ್ಲಿ ಅಷ್ಟಿರುವುದಿಲ್ಲ. ಗಂಡಸರಲ್ಲಿ ಆಂಡ್ರೊಜೆನ್ ಹಾರ್ಮೋನುಗಳ ದೆಸೆಯಿಂದ ಈ ಗ್ರಂಥಿಗಳು ಇನ್ನಷ್ಟು ಚುರುಕು. ಅದರ ಮೇಲೆ ಶೇವಿಂಗ್ ಬೇರೆ. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲಿನ ತೆಳು ಪದರವನ್ನೂ ಕೆರೆದುಕೊಂಡು ಹೋಗುತ್ತದೆ, ಆ ಪೆಟ್ಟು ಹೆಚ್ಚಾಗಿ ಬೀಳುವುದು ಮೊದಲೇ ಒಣಗಿರುವ ಕೆನ್ನೆಗೆ.

ನಾನು ಹಾಕಿಕೊಂಡ ನಿಯಮ ಒಂದೇ: ಬಚ್ಚಲಿನ ಶೆಲ್ಫಿನಲ್ಲಿ ಮೂರಕ್ಕಿಂತ ಹೆಚ್ಚು ಬಾಟಲಿ ಇರಬಾರದು. ಅದಕ್ಕಿಂತ ಹೆಚ್ಚಾದರೆ ಹದಿನೈದನೇ ದಿನಕ್ಕೆ ಬಿಟ್ಟುಬಿಡುತ್ತೇನೆ ಅನ್ನುವುದು ನನಗೆ ಗೊತ್ತು. ಒಂದೊಂದು ಕ್ರಮವನ್ನೂ ನಾಲ್ಕು ವಾರ ನಡೆಸಿದೆ. ಚರ್ಮದ ಮೇಲ್ಪದರ ಹೊಸದಾಗುವುದಕ್ಕೆ ಸುಮಾರು ಒಂದು ತಿಂಗಳು ಹಿಡಿಯುವುದರಿಂದ ನಾಲ್ಕು ದಿನ ನೋಡಿ ತೀರ್ಮಾನ ಹೇಳುವುದರಲ್ಲಿ ಅರ್ಥವಿಲ್ಲ.

ಅಳೆಯುವುದಕ್ಕೆ ಟಿಶ್ಯೂ ಪರೀಕ್ಷೆ ಸಾಕಾಯಿತು. ಭಾನುವಾರ ಬೆಳಿಗ್ಗೆ ಮುಖ ತೊಳೆದು, ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಬಿಡುತ್ತಿದ್ದೆ. ಆಮೇಲೆ ತೆಳು ಟಿಶ್ಯೂವನ್ನು ಹಣೆ, ಮೂಗು, ಎರಡೂ ಕೆನ್ನೆಯ ಮೇಲೆ ಹತ್ತು ಸೆಕೆಂಡು ಒತ್ತಿ ಬೆಳಕಿಗೆ ಹಿಡಿಯುತ್ತಿದ್ದೆ. ಮೂಗಿನ ತುಂಡಿನಲ್ಲಿ ಗಾಜಿನಂತೆ ಬೆಳಕು ಹಾಯುವ ಕಲೆಗಳು ಕಾಣುತ್ತಿದ್ದವು, ಕೆನ್ನೆಯ ತುಂಡು ಬಿಳಿಯಾಗಿಯೇ ಉಳಿಯುತ್ತಿತ್ತು. ಇದರ ಜೊತೆಗೆ, ತೊಳೆದ ಎಷ್ಟು ಹೊತ್ತಿಗೆ ಕೆನ್ನೆ ಬಿಗಿಯುತ್ತದೆ, ಶೇವ್ ಮಾಡಿದ ದಿನ ಎಷ್ಟು ಉರಿಯುತ್ತದೆ ಎಂದು ಡೈರಿಯಲ್ಲಿ ಒಂದೆರಡು ಸಾಲು ಗೀಚುತ್ತಿದ್ದೆ.

ಮೊದಲ ತಿಂಗಳು ಹೆಚ್ಚಿನ ಗಂಡಸರು ಮಾಡುವುದನ್ನೇ ಮಾಡಿದೆ. ಚೆನ್ನಾಗಿ ನೊರೆ ಬರುವ, ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್ ವಾಶ್, ದಿನಕ್ಕೆ ಎರಡು ಸಲ, ಇಡೀ ಮುಖಕ್ಕೆ. ಮಾಯಿಶ್ಚರೈಸರ್ ಇಲ್ಲ, ಬೆಳಿಗ್ಗೆ ಸನ್‌ಸ್ಕ್ರೀನ್ ಮಾತ್ರ. ಮೊದಲ ವಾರ ಹಿತವೆನಿಸಿತು, ಮುಖ ಮುಟ್ಟಿದರೆ ಕಿರುಗುಟ್ಟುವಷ್ಟು ಸ್ವಚ್ಛ. ಆದರೆ ಭಾನುವಾರದ ಟಿಶ್ಯೂವಿನಲ್ಲಿ ಮೂಗಿನ ಕಲೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ತೊಳೆಯುವುದರಿಂದ ಹೋಗುವುದು ಮೇಲಿರುವ ಎಣ್ಣೆ, ಗ್ರಂಥಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಕೆನ್ನೆಗೆ ಆ ಅನುಕೂಲವಿಲ್ಲ, ಅಲ್ಲಿ ಹೋದದ್ದು ಬೇಗ ತುಂಬುವುದಿಲ್ಲ. ಎರಡನೇ ವಾರಕ್ಕೆ ಒರೆಸಿ ಹತ್ತು ನಿಮಿಷದೊಳಗೆ ಬಿಗಿತ ಶುರುವಾಗುತ್ತಿತ್ತು. ಮೂರನೇ ವಾರ ಸನ್‌ಸ್ಕ್ರೀನ್ ಹಚ್ಚಿದರೆ ಕೆನ್ನೆ ಚುರುಗುಟ್ಟಿತು. ಸನ್‌ಸ್ಕ್ರೀನ್ ಹಳೆಯದೇ, ಚರ್ಮದ ಕಾವಲು ಸಡಿಲವಾಗಿತ್ತು. ನಿನ್ನೆವರೆಗೆ ಒಗ್ಗಿದ್ದ ವಸ್ತು ಇವತ್ತು ಉರಿಸಿದರೆ ಮೊದಲು ಫೇಸ್ ವಾಶ್ ಮೇಲೆ ಅನುಮಾನ ಪಡಬೇಕು. ಮೈಗೆ ಹಚ್ಚುವ ಸಾಬೂನನ್ನೇ ಮುಖಕ್ಕೂ ಹಚ್ಚುವವರಿಗೆ ಇದು ಇನ್ನೂ ಹೆಚ್ಚು: ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಮಾಮೂಲಿ ಸಾಬೂನಿನದು 9ರಿಂದ 10.

ಎರಡನೇ ಕ್ರಮಕ್ಕೆ ಹೋಗುವ ಮೊದಲು ಕೆನ್ನೆ ಸುಧಾರಿಸಲು ಹತ್ತು ದಿನ ಬಿಟ್ಟೆ. ಈ ಸಲ ನೊರೆ ಕಡಿಮೆ ಇರುವ ಮೃದು ಕ್ಲೆನ್ಸರ್, ಅದೂ ರಾತ್ರಿ ಮಾತ್ರ. ಬೆಳಿಗ್ಗೆ ಬರೀ ನೀರು. ತೊಳೆದ ಮೇಲೆ ಇಡೀ ಮುಖಕ್ಕೆ ಒಂದೇ ಜೆಲ್ ಮಾಯಿಶ್ಚರೈಸರ್. ಬೆಳಿಗ್ಗೆ ಬರೀ ನೀರಾದರೆ ಮಧ್ಯಾಹ್ನದೊಳಗೆ ಮುಖ ಎಣ್ಣೆಯಲ್ಲಿ ಅದ್ದಿದ ಹಾಗಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹನ್ನೊಂದು ಗಂಟೆಗೆ ಕನ್ನಡಕ ಮೊದಲು ಜಾರುತ್ತಿದ್ದಷ್ಟೇ ಜಾರುತ್ತಿತ್ತು. ಕೆನ್ನೆಯ ಉರಿ ಹೋಯಿತು, ಬಿಗಿತ ಮಾತ್ರ ಮೂರು ಗಂಟೆಯ ಹೊತ್ತಿಗೆ ಮತ್ತೆ ಹಾಜರು. ಕೆನ್ನೆ ಅಲ್ಪಸ್ವಲ್ಪ ಒಣಗುವವರಿಗೆ ಈ ಕ್ರಮವೇ ಸಾಕು, ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ನನಗೆ ಸಾಕಾಗಲಿಲ್ಲ. ಜೆಲ್ಲೇ ಸಾಲದೋ, ನನ್ನ ಕೆನ್ನೆಯೇ ಹಾಗೋ ತಿಳಿಯಲು ಮುಖವನ್ನೇ ಎರಡು ಭಾಗ ಮಾಡಿದೆ. ಹದಿನಾಲ್ಕು ದಿನ ಬಲ ಕೆನ್ನೆಗೆ ಜೆಲ್, ಎಡ ಕೆನ್ನೆಗೆ ಚರ್ಮದಲ್ಲೇ ಇರುವ ಸೆರಮೈಡ್ ಎಂಬ ಕೊಬ್ಬಿನಂಶ ಮತ್ತು ವ್ಯಾಸಲೀನ್‌ನಲ್ಲಿರುವ ಪೆಟ್ರೊಲೇಟಂ ಬೆರೆತ ಕ್ರೀಮು. ಮಿಕ್ಕೆಲ್ಲ ಒಂದೇ: ಅದೇ ಕ್ಲೆನ್ಸರ್, ಅದೇ ಬ್ಲೇಡು, ಅದೇ ನೀರು. ಯಾವ ಕೆನ್ನೆಗೆ ಯಾವುದು ಎಂದು ಕನ್ನಡಿಗೆ ಚೀಟಿ ಅಂಟಿಸಿದ್ದೆ, ನಿದ್ದೆಗಣ್ಣಿನಲ್ಲಿ ಅದಲುಬದಲಾದರೆ ಇಡೀ ಪರೀಕ್ಷೆ ಹಾಳು. ಐದನೇ ದಿನಕ್ಕೇ ವ್ಯತ್ಯಾಸ ಬೆರಳಿಗೆ ಸಿಕ್ಕಿತು. ಸಂಜೆ ಹಿಂಗೈಯಿಂದ ಸವರಿದರೆ ಬಲಗಡೆ ತರಿತರಿ, ಎಡಗಡೆ ನುಣುಪು. ಶೇವ್ ಮಾಡಿದ ದಿನ ಬಲಗಡೆ ಕೆಂಪು ಮಧ್ಯಾಹ್ನದವರೆಗೆ ಉಳಿಯುತ್ತಿತ್ತು, ಎಡಗಡೆ ಕಚೇರಿ ಸೇರುವಷ್ಟರಲ್ಲಿ ಇಳಿದಿರುತ್ತಿತ್ತು. ಜೆಲ್‌ನಲ್ಲಿ ಮುಖ್ಯವಾಗಿ ಇರುವುದು ಗ್ಲಿಸರಿನ್‌ನಂಥ ನೀರು ಹಿಡಿಯುವ ವಸ್ತು. ಕ್ರೀಮಿನಲ್ಲಿ ಅದರ ಜೊತೆಗೆ ಹಿಡಿದ ನೀರು ಆರಿಹೋಗದಂತೆ ತಡೆಯುವ ಜಿಡ್ಡಿನ ಅಂಶವೂ ಇರುತ್ತದೆ. ಟಿ-ಝೋನ್‌ನಲ್ಲಿ ಈ ತಡೆಯ ಕೆಲಸವನ್ನು ನಮ್ಮದೇ ಎಣ್ಣೆ ಮಾಡುತ್ತದೆ, ಕೆನ್ನೆಯಲ್ಲಿ ಹೊರಗಿನಿಂದ ಕೊಡಬೇಕು.

ಅಲ್ಲಿಂದ ಮೂರನೇ ಕ್ರಮ ತಾನಾಗಿಯೇ ಹುಟ್ಟಿತು: ಇಡೀ ಮುಖಕ್ಕೆ ಹೊಂದುವ ಒಂದು ಕ್ರೀಮು ಹುಡುಕುವುದು ಬಿಟ್ಟು, ಇರುವ ಕ್ರೀಮನ್ನು ಜಾಗ ನೋಡಿ ಹಚ್ಚುವುದು. ಮುಖ ಇನ್ನೂ ಹಸಿಯಾಗಿರುವಾಗಲೇ ಎರಡೂ ಕೆನ್ನೆಗೆ ಸೇರಿ ಬಟಾಣಿಯಷ್ಟು. ಕಿವಿಯ ಕಡೆಯಿಂದ ಶುರುಮಾಡಿ ಒಳಗೆ ಬರುತ್ತೇನೆ, ಮೂಗಿನಿಂದ ಒಂದು ಬೆರಳಿನಗಲ ದೂರದಲ್ಲಿ ನಿಲ್ಲಿಸುತ್ತೇನೆ. ಬೆರಳಿನಲ್ಲಿ ಉಳಿದ ಪಸೆ ಹಣೆಗೆ ಮತ್ತು ಗದ್ದಕ್ಕೆ. ಮೂಗಿಗೆ ಏನೂ ಇಲ್ಲ. ಈ ಗಡಿ ಮುಖ್ಯ ಅನ್ನುವುದು ತಪ್ಪಿ ನಡೆದಾಗ ತಿಳಿಯಿತು. ಒಂದು ವಾರ ಅವಸರದಲ್ಲಿ ಮುಖಕ್ಕೆಲ್ಲ ಬಳಿದುಕೊಂಡೆ, ಮೂಗಿನ ಪಕ್ಕ ಮತ್ತು ಹಣೆಯ ಮೇಲೆ ಕೂದಲು ಶುರುವಾಗುವಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಳ್ಳೆಗಳು ಎದ್ದವು. ಗಡಿಯನ್ನು ಮತ್ತೆ ಪಾಲಿಸಿದ ಮೇಲೆ ಇಳಿಯಲು ಮೂರು ವಾರ ಹಿಡಿಯಿತು.

ಟಿ-ಝೋನ್‌ಗೆ ಬೇರೆ ಏನಾದರೂ ಬೇಕೇ? ಎರಡನ್ನು ನೋಡಿದೆ. ಮೊದಲನೆಯದು 2% ಸ್ಯಾಲಿಸಿಲಿಕ್ ಆಸಿಡ್, ಈ ಸಲ ತೊಳೆದು ಹೋಗದ ಹಾಗೆ ಹಚ್ಚಿ ಬಿಡುವ ದ್ರವ. ವಾರಕ್ಕೆ ಎರಡು ರಾತ್ರಿ, ಮೂಗು ಮತ್ತು ಗದ್ದಕ್ಕೆ ಮಾತ್ರ, ಶೇವ್ ಮಾಡಿದ ದಿನ ಖಂಡಿತ ಇಲ್ಲ. ಇದು ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ರಂಧ್ರದೊಳಗೆ ಇಳಿಯಬಲ್ಲದು, ಆದರೆ ಅರ್ಧ ನಿಮಿಷ ನೊರೆಯಲ್ಲಿದ್ದು ನೀರಿನೊಂದಿಗೆ ಹೋದರೆ ಅದಕ್ಕೆ ಸಮಯವೆಲ್ಲಿ? ಗದ್ದದ ಮೊಡವೆ ನಿಜಕ್ಕೂ ಕಡಿಮೆಯಾಯಿತು. ಮೂಗಿನ ಮೇಲಿನ ಬೂದು ಚುಕ್ಕೆಗಳು ಮಸುಕಾದವು, ನಿಲ್ಲಿಸಿದ ಒಂದು ತಿಂಗಳಲ್ಲಿ ವಾಪಸ್ ಬಂದವು. ಅವು ಬ್ಲ್ಯಾಕ್‌ಹೆಡ್ ಅಲ್ಲ, ಪ್ರತಿ ರಂಧ್ರದಲ್ಲೂ ಸಹಜವಾಗಿ ಇರುವ ಎಣ್ಣೆಯ ಎಳೆಗಳು. ಸಾಲಾಗಿ, ಒಂದೇ ಅಳತೆಯಲ್ಲಿ, ಚಪ್ಪಟೆಯಾಗಿ ಕಂಡರೆ ಹಿಚುಕಲು ಹೋಗಬೇಡಿ.

ಎರಡನೆಯದು ನಯಾಸಿನಮೈಡ್, ವಿಟಮಿನ್ ಬಿ3ಯ ಒಂದು ರೂಪ. 10% ಇದ್ದದ್ದು ನನ್ನ ಕೆನ್ನೆಯನ್ನು ಕೆಂಪಾಗಿಸಿತು, 4% ಇದ್ದದ್ದು ಎಲ್ಲ ಕಡೆ ಒಗ್ಗಿತು. ಆರು ವಾರದ ನಂತರ ಹಣೆಯ ಟಿಶ್ಯೂವಿನಲ್ಲಿ ಕಲೆ ಸ್ವಲ್ಪ ಚಿಕ್ಕದಾಗಿತ್ತು, ಸ್ವಲ್ಪವೇ. ಪರಿಣಾಮದಲ್ಲಿ ಸ್ಯಾಲಿಸಿಲಿಕ್ ಮುಂದು, ಆದರೆ ಅದಕ್ಕೆ ನಾಲ್ಕನೇ ಬಾಟಲಿ ಬೇಕು. ನಯಾಸಿನಮೈಡ್ ಬೆರೆತಿರುವ ಕ್ರೀಮೇ ಸಿಗುತ್ತದೆ. ಮೊಡವೆ ಪದೇ ಪದೇ ಏಳುವವರು ನಾಲ್ಕನೆಯದನ್ನು ಇಟ್ಟುಕೊಳ್ಳಲಿ. ನಾನು ಅಂಥ ಕ್ರೀಮಿಗೆ ಬದಲಾಯಿಸಿಕೊಂಡು ಬಾಟಲಿಗಳನ್ನು ಮೂರಕ್ಕೇ ನಿಲ್ಲಿಸಿದೆ. ಮಧ್ಯಾಹ್ನದ ಹೊಳಪಿಗೆ ಜೇಬಿನಲ್ಲಿ ಟಿಶ್ಯೂ ಇದೆ. ಉಜ್ಜದೆ ಒತ್ತಿ ತೆಗೆದರೆ ಹತ್ತು ಸೆಕೆಂಡಿನ ಕೆಲಸ, ಆ ಹೊತ್ತಿಗೆ ಬೇಕಾದ್ದನ್ನು ಅದು ಯಾವ ಬಾಟಲಿಗಿಂತಲೂ ಚೆನ್ನಾಗಿ ಮಾಡುತ್ತದೆ.

ಮೂರನೇ ಬಾಟಲಿ ಸನ್‌ಸ್ಕ್ರೀನ್. ಜಾಗ ನೋಡಿ ಹೆಚ್ಚುಕಡಿಮೆ ಹಚ್ಚುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಡ್ಡಾಗುತ್ತದೆ ಎಂದು ಮೂಗಿಗೆ ಕಡಿಮೆ ಹಚ್ಚಿದರೆ ಬಿಸಿಲಿಗೆ ಮೊದಲು ಸುಡುವುದು ಮೂಗೇ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ ಮುಖ, ಕುತ್ತಿಗೆಗೆ ಸಮನಾಗಿ ಹಚ್ಚಬೇಕು, ಎಸ್‌ಪಿಎಫ್ 30ಕ್ಕೆ ಕಡಿಮೆ ಇರಬಾರದು. ಆದ್ದರಿಂದ ಹಗುರತನವನ್ನು ಅಳತೆಯಲ್ಲಿ ಹುಡುಕದೆ ಬಾಟಲಿ ಆರಿಸುವಾಗಲೇ ಹುಡುಕಬೇಕು. ದಪ್ಪ ಕ್ರೀಮಿನಂಥದ್ದು ಹಣೆಯಲ್ಲಿ ಬೆವರಿನೊಂದಿಗೆ ಇಳಿದು ಕಣ್ಣು ಉರಿಸಿತು. ನೀರಿನಂತೆ ಹರಿಯುವಂಥದ್ದು ನಿಂತಿತು, ಆದರೆ ಕೆನ್ನೆ ಒಣಗದಿರಲು ಐದು ನಿಮಿಷ ಮೊದಲು ಕ್ರೀಮು ಬಿದ್ದಿರಬೇಕು. ಅಷ್ಟೂ ಕಾಯದಿದ್ದರೆ ಎರಡೂ ಸೇರಿ ಸಣ್ಣ ಸಣ್ಣ ಉಂಡೆಯಾಗಿ ಏಳುತ್ತವೆ, ಗಡ್ಡ ಎರಡು ದಿನದ್ದಾಗಿದ್ದರೆ ಅವು ಅದರಲ್ಲೇ ಸಿಕ್ಕಿಕೊಂಡು ಎದ್ದು ಕಾಣುತ್ತವೆ.

ಈ ಮೂರನೇ ಕ್ರಮವನ್ನು ನನ್ನ ತಮ್ಮನಿಗೂ ಹೇಳಿದ್ದೆ. ಅವನಿಗೆ ಮೂಗಿನ ಪಕ್ಕ, ಹುಬ್ಬಿನೊಳಗೆ ಹೊಟ್ಟು ಏಳುತ್ತಿತ್ತು, ಒಣಗಿದೆ ಎಂದುಕೊಂಡು ಅಲ್ಲಿಗೇ ಕ್ರೀಮು ಮೆತ್ತುತ್ತಿದ್ದ. ಹೆಚ್ಚು ಹಚ್ಚಿದಷ್ಟೂ ಹೆಚ್ಚಾಯಿತು. ಹತ್ತಿರದಿಂದ ನೋಡಿದರೆ ನನ್ನ ಕೆನ್ನೆಯ ಹೊಟ್ಟಿನಂತೆ ಬಿಳಿಯಾಗಿ, ಪುಡಿಯಾಗಿರಲಿಲ್ಲ. ಹಳದಿ ಛಾಯೆ, ಮುಟ್ಟಿದರೆ ಜಿಡ್ಡು, ಕೆಳಗಿನ ಚರ್ಮ ಕೆಂಪು, ಜೊತೆಗೆ ತುರಿಕೆ, ತಲೆಯಲ್ಲೂ ಹೊಟ್ಟು. ಚರ್ಮದ ಡಾಕ್ಟರು ನೋಡಿದ ಕೂಡಲೇ ಸೆಬೊರಿಕ್ ಡರ್ಮಟೈಟಿಸ್ ಎಂದರು. ಎಣ್ಣೆ ಇರುವಲ್ಲೇ ಬೆಳೆಯುವ ಯೀಸ್ಟ್‌ಗೆ ಸಂಬಂಧಪಟ್ಟ ತೊಂದರೆ ಅದು, ಒಣ ಚರ್ಮವಲ್ಲ. ಕೀಟೊಕೊನಜೋಲ್ ಕ್ರೀಮು ಬರೆದುಕೊಟ್ಟರು, ಕಡಿಮೆಯಾದರೂ ಆಗಾಗ ಮರಳಿ ಬರಬಹುದು ಎಂದೂ ಹೇಳಿ ಕಳಿಸಿದರು. ನನ್ನ ಕ್ರಮದಲ್ಲಿ ಅವನಿಗೆ ಹೊಂದಿದ್ದು ಮೃದು ಕ್ಲೆನ್ಸರ್ ಮತ್ತು ಸನ್‌ಸ್ಕ್ರೀನ್ ಎರಡೇ.